ಸ್ಪೀಡ್ ಟೆಸ್ಟ್ ಸಂಖ್ಯೆಗಳನ್ನು ಓದುವುದು ಹೇಗೆ? ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದವರೆಗೆ ಈಗ ಅಡಿಕೆ ತೋಟದ ನಡುವಿನ ಮನೆಗಳಿಗೂ ಫೈಬರ್ ತಂತಿ ಬಂದಿದೆ. ಮನೆಗಳಲ್ಲಿ ನೆಟ್‌ವರ್ಕ್ ಜೋಡಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು ನನ್ನ ಕೆಲಸ. ಹೋದಲ್ಲೆಲ್ಲ ಜನರು ಮೊಬೈಲ್ ಹಿಡಿದು ತೋರಿಸುವುದು ಸ್ಪೀಡ್ ಟೆಸ್ಟಿನ ಫಲಿತಾಂಶವನ್ನು. ಆ ಸಂಖ್ಯೆ ಸುಳ್ಳು ಹೇಳುವುದಿಲ್ಲ. ಆದರೆ ಅದು ಯಾವುದರ ಅಳತೆ ಎಂಬುದು ತಿಳಿಯದಿದ್ದರೆ ತಪ್ಪಿಲ್ಲದವರ ಮೇಲೆ ದೂರು ಹೋಗುತ್ತದೆ, ತಪ್ಪು ಇರುವ ಜಾಗ ಹಾಗೆಯೇ ಉಳಿಯುತ್ತದೆ. ಮನೆಗಳಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು 100ರ ಪ್ಲ್ಯಾನ್. ಆದರೆ ಫೈಲ್ ಡೌನ್‌ಲೋಡ್ ಮಾಡುವಾಗ 11 ಮಾತ್ರ ತೋರಿಸುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ನಿಮಗೆ ಪೂರ್ತಿ ವೇಗ ಸಿಗುತ್ತಿದೆ.

ಪ್ಲ್ಯಾನಿನ 100 ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಡೌನ್‌ಲೋಡ್ ಕಿಟಕಿಯ 11 ಎಂದರೆ ಸೆಕೆಂಡಿಗೆ 11 ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್‌ ಅನ್ನು ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್ ಆಗುತ್ತದೆ. ಲೆಕ್ಕದ ಪ್ರಕಾರ ಇದು ಮೇಲಿನ ಮಿತಿ.

ಹಾಗಾದರೆ 12.5ರ ಬದಲು 11 ಏಕೆ? ಇದಕ್ಕೆ ಎರಡು ಕಾರಣಗಳಿವೆ, ಎರಡೂ ಸಣ್ಣವು. ಮೊದಲನೆಯದು, ಫೈಲ್ ಒಂದೇ ತುಂಡಾಗಿ ಬರುವುದಿಲ್ಲ. ಅದು ಹೆಚ್ಚೆಂದರೆ 1500 ಬೈಟ್‌ಗಳ ಪ್ಯಾಕೆಟ್‌ಗಳಾಗಿ ಬರುತ್ತದೆ. ಪ್ರತಿ ಪ್ಯಾಕೆಟಿನ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟನೆಯ ತುಂಡು ಎಂಬ ವಿವರ ಇರುತ್ತದೆ. ತಂತಿಯ ಮೇಲೆ ಒಂದು ಪ್ಯಾಕೆಟಿಗೂ ಇನ್ನೊಂದಕ್ಕೂ ನಡುವೆ ಚೂರು ಬಿಡುವೂ ಬೇಕು. ಇವೆಲ್ಲ ಸೇರಿ ನೂರರಲ್ಲಿ ಐದಾರು ಪಾಲು ತಿನ್ನುತ್ತವೆ. ಉಳಿದ ಸುಮಾರು 94 ಮೆಗಾಬಿಟ್ ಮಾತ್ರ ನಿಮ್ಮ ಫೈಲಿನದು, ಅಂದರೆ 11.8 ಮೆಗಾಬೈಟ್. ಎರಡನೆಯದು, ವಿಂಡೋಸ್ ಒಂದು ಮೆಗಾಬೈಟನ್ನು ಹತ್ತು ಲಕ್ಷ ಬೈಟ್ ಎಂದು ಎಣಿಸುವುದಿಲ್ಲ. ಅದರ ಲೆಕ್ಕ 1024ನ್ನು 1024ರಿಂದ ಗುಣಿಸಿದಷ್ಟು, ಅಂದರೆ 10,48,576 ಬೈಟ್. ಈ ಲೆಕ್ಕಕ್ಕೆ ಬದಲಾಯಿಸಿದರೆ 11.8 ಇದ್ದದ್ದು 11.2 ಆಗುತ್ತದೆ. 100ರ ಸಂಪರ್ಕದಲ್ಲಿ ಡೌನ್‌ಲೋಡ್ 11.2ರ ಆಸುಪಾಸಿನಲ್ಲಿ ನಿಂತಿದ್ದರೆ ಎಲ್ಲವೂ ಸರಿ ಇದೆ ಎಂದರ್ಥ.

ದಿನಬಳಕೆಗೆ ಸುಲಭ ಲೆಕ್ಕ ಬೇಕೆಂದರೆ ಪ್ಲ್ಯಾನಿನ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿ. ಎಂಟರಿಂದ ಭಾಗಿಸಿದಾಗ ಬಿಟ್ಟುಹೋಗುವ ಖರ್ಚು ಇದರಲ್ಲಿ ಸೇರಿರುತ್ತದೆ. 50ರ ಪ್ಲ್ಯಾನಿನಲ್ಲಿ ಸೆಕೆಂಡಿಗೆ ಐದೂವರೆ ಮೆಗಾಬೈಟ್ ಬರುತ್ತದೆ. ಯಕ್ಷಗಾನದ ಒಂದು ಪ್ರಸಂಗದ ವಿಡಿಯೊ 2 ಜಿಬಿ ಇದ್ದರೆ ಇಳಿಯಲು ಆರು ನಿಮಿಷ ಬೇಕಾಗುತ್ತದೆ.

ಪರದೆಯ ಮೇಲೆ ಯಾವುದು ಬಿಟ್, ಯಾವುದು ಬೈಟ್ ಎಂದು ತಿಳಿಯುವುದು ಹೇಗೆ?

ಒಂದೇ ಅಕ್ಷರವನ್ನು ನೋಡಿದರೆ ಸಾಕು. `Mbps` ಅಥವಾ `Mb/s` ಎಂದು ಚಿಕ್ಕ b ಇದ್ದರೆ ಬಿಟ್. `MB/s` ಎಂದು ದೊಡ್ಡ B ಇದ್ದರೆ ಬೈಟ್. ಪ್ಲ್ಯಾನ್, ಬಿಲ್ಲು, ಸ್ಪೀಡ್ ಟೆಸ್ಟ್ ಮತ್ತು ವೈಫೈ ಪೆಟ್ಟಿಗೆಯ ಮೇಲಿನ ಬರಹ ಬಿಟ್‌ ಲೆಕ್ಕದಲ್ಲಿರುತ್ತವೆ. ಬ್ರೌಸರಿನ ಡೌನ್‌ಲೋಡ್, ಫೈಲ್ ನಕಲು ಮಾಡುವ ಕಿಟಕಿ, ಪೆನ್‌ಡ್ರೈವ್ ಮತ್ತು ಫೈಲಿನ ಗಾತ್ರ ಬೈಟ್‌ ಲೆಕ್ಕದಲ್ಲಿರುತ್ತವೆ. ಸ್ಪೀಡ್‌ಟೆಸ್ಟ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಬೈಟ್‌ಗೆ ಬದಲಾಯಿಸುವ ಆಯ್ಕೆಯೂ ಇದೆ. ಮನೆಯ ಮಕ್ಕಳು ಯಾರಾದರೂ ಅದನ್ನು ಒತ್ತಿರಬಹುದು. 100ರ ಮನೆಯಲ್ಲಿ ಟೆಸ್ಟ್ 12 ತೋರಿಸಿದರೆ ದೂರು ಕೊಡುವ ಮೊದಲು ಅದನ್ನೊಮ್ಮೆ ನೋಡಿ.

ಸ್ಪೀಡ್ ಟೆಸ್ಟ್ ನಿಜವಾಗಿ ಏನನ್ನು ಅಳೆಯುತ್ತದೆ?

ನಿಮ್ಮ ಪ್ಲ್ಯಾನನ್ನು ಅಲ್ಲ. ನೀವು ಹಿಡಿದಿರುವ ಸಾಧನದಿಂದ ಯಾವುದೋ ಊರಿನಲ್ಲಿರುವ ಒಂದು ಸರ್ವರಿನವರೆಗಿನ ಇಡೀ ದಾರಿಯಲ್ಲಿ, ಆ ಹತ್ತು ಹದಿನೈದು ಸೆಕೆಂಡುಗಳಲ್ಲಿ, ಅತ್ಯಂತ ಇಕ್ಕಟ್ಟಾದ ಜಾಗ ಎಷ್ಟನ್ನು ಬಿಟ್ಟುಕೊಟ್ಟಿತು ಎಂಬುದನ್ನು ಅದು ಅಳೆಯುತ್ತದೆ. ಆ ದಾರಿಯಲ್ಲಿ ನಿಮ್ಮ ಫೋನಿನ ವೈಫೈ ಇದೆ, ಗೋಡೆ ಇದೆ, ರೂಟರ್ ಇದೆ, ರೂಟರಿನಿಂದ ಫೈಬರ್ ಪೆಟ್ಟಿಗೆಗೆ ಹೋಗುವ ತಂತಿ ಇದೆ, ಕಂಬದ ಮೇಲಿನ ಫೈಬರ್ ಇದೆ, ಕೇಬಲ್ ಆಪರೇಟರ್ ಮೇಲಿನವರಿಂದ ಪಡೆದ ಸಂಪರ್ಕ ಇದೆ, ಕೊನೆಗೆ ಆ ಸರ್ವರ್ ಇದೆ. ಇವುಗಳಲ್ಲಿ ಪ್ಲ್ಯಾನಿನ ಮಿತಿಯೂ ಒಂದು, ಅಷ್ಟೆ.

ಆದ್ದರಿಂದ ಕಡಿಮೆ ಸಂಖ್ಯೆ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ "ಇಕ್ಕಟ್ಟು ಎಲ್ಲಿದೆ?" ಎಂಬುದು. ಇದಕ್ಕೆ ಉತ್ತರ ಬಹಳ ಸಲ ಆ ಸಂಖ್ಯೆಯಲ್ಲೇ ಇರುತ್ತದೆ, ಏಕೆಂದರೆ ಪ್ರತಿಯೊಂದು ಬಗೆಯ ಇಕ್ಕಟ್ಟಿಗೂ ತನ್ನದೇ ಗುರುತಿದೆ. ಮುಂದಿನ ಪ್ರಶ್ನೆಗಳಲ್ಲಿ ಆ ಗುರುತುಗಳನ್ನು ಒಂದೊಂದಾಗಿ ನೋಡೋಣ.

ಪ್ಲ್ಯಾನನ್ನು 200ಕ್ಕೆ ಏರಿಸಿದೆವು. ಆದರೂ 94 ದಾಟುವುದೇ ಇಲ್ಲ. ಕಂಪನಿಯವರು ಮೋಸ ಮಾಡುತ್ತಿದ್ದಾರೆಯೇ?

ಬೆಳಗ್ಗೆ ನೋಡಿದರೂ 94, ರಾತ್ರಿ ನೋಡಿದರೂ 94, ಒಮ್ಮೊಮ್ಮೆ 93 ಅಥವಾ 95. ಈ ಸಂಖ್ಯೆ ಕಂಡರೆ ನಾನು ಫೈಬರಿನ ಕಡೆ ನೋಡುವುದೇ ಇಲ್ಲ, ನೇರವಾಗಿ ಮನೆಯೊಳಗಿನ ತಂತಿಯನ್ನು ಹುಡುಕುತ್ತೇನೆ. ಮೊದಲ ಉತ್ತರದಲ್ಲಿ ಹೇಳಿದಂತೆ 100 ಮೆಗಾಬಿಟ್ ತಂತಿಯಲ್ಲಿ ಖರ್ಚು ಕಳೆದು ಉಳಿಯುವುದು 94ರಷ್ಟು. ಅಂದರೆ ನಿಮ್ಮ ದಾರಿಯಲ್ಲಿ ಎಲ್ಲೋ ಒಂದು ಕಡೆ 100ರ ಜೋಡಣೆ ಇದೆ. 200 ಬರುತ್ತಿದೆ, ಆದರೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಪೆರ್ಲದ ಕಡೆಯ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ನಡೆದದ್ದನ್ನು ವಿವರವಾಗಿ ಹೇಳುತ್ತೇನೆ. ಅವರ ಮಗಳು ಉಪ್ಪರಿಗೆಯ ಕೋಣೆಯಿಂದ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾಳೆ. ಅವಳಿಗಾಗಿ ಪ್ಲ್ಯಾನನ್ನು 200ಕ್ಕೆ ಏರಿಸಿದ್ದರು. ಫೈಬರ್ ಪೆಟ್ಟಿಗೆ ಕೆಳಗೆ ಜಗಲಿಯ ಗೋಡೆಯಲ್ಲಿತ್ತು. ಅಲ್ಲಿಂದ ಗೋಡೆಯೊಳಗಿನ ಪೈಪಿನಲ್ಲಿ ಹೋದ ತಂತಿ ಉಪ್ಪರಿಗೆಯ ರೂಟರಿಗೆ ಸೇರುತ್ತಿತ್ತು. ಮೇಲೆ ತಂತಿಯಲ್ಲಿ ನೋಡಿದರೂ ವೈಫೈಯಲ್ಲಿ ನೋಡಿದರೂ 94. ಆಪರೇಟರ್ ಕಡೆಯ ಹುಡುಗ ಬಂದು ಫೈಬರ್ ಕನೆಕ್ಟರ್ ಬದಲಾಯಿಸಿ ಹೋಗಿದ್ದ. ಏನೂ ಬದಲಾಗಿರಲಿಲ್ಲ.

ನಾನು ಲ್ಯಾಪ್‌ಟಾಪನ್ನು ಜಗಲಿಗೆ ತಂದು, ಪೆಟ್ಟಿಗೆಯೊಂದಿಗೆ ಬಂದಿದ್ದ ಗಿಡ್ಡ ತಂತಿಯಿಂದ ನೇರವಾಗಿ ಫೈಬರ್ ಪೆಟ್ಟಿಗೆಗೆ ಜೋಡಿಸಿದೆ. ಆ ಮನೆಯಲ್ಲಿ ಲಾಗಿನ್ ಆಗುವುದು ಆ ಪೆಟ್ಟಿಗೆಯಲ್ಲೇ ಆದ್ದರಿಂದ ಹೀಗೆ ಮಾಡಲು ಅಡ್ಡಿಯಿರಲಿಲ್ಲ. ಲಾಗಿನ್ ರೂಟರಿನಲ್ಲಿದ್ದರೆ ಆ ವಿವರಗಳನ್ನು ಲ್ಯಾಪ್‌ಟಾಪಿಗೆ ಕೊಡಬೇಕಾಗುತ್ತದೆ. ಟೆಸ್ಟ್ ಮಾಡುವ ಮೊದಲು ತಂತಿ ಯಾವ ವೇಗಕ್ಕೆ ಒಪ್ಪಿಕೊಂಡಿದೆ ಎಂಬುದನ್ನು ವಿಂಡೋಸ್ ಪವರ್‌ಶೆಲ್‌ನಲ್ಲಿ ಹೀಗೆ ಕೇಳಿದೆ:

```
Get-NetAdapter | Select-Object Name, LinkSpeed
```

ಉತ್ತರ `1 Gbps` ಎಂದು ಬಂತು, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್. ಟೆಸ್ಟ್ 198 ತೋರಿಸಿತು. ಅಲ್ಲಿಗೆ ಹೊರಗಿನ ಫೈಬರ್, ಪೆಟ್ಟಿಗೆ, ಪ್ಲ್ಯಾನ್ ಮೂರೂ ಸರಿ ಇವೆ ಎಂದು ಖಚಿತವಾಯಿತು. ಬಳಿಕ ಉಪ್ಪರಿಗೆಗೆ ಹೋಗಿ, ಗೋಡೆಯಿಂದ ಬಂದ ತಂತಿಯನ್ನು ರೂಟರಿನಿಂದ ಬಿಡಿಸಿ ಅದೇ ಲ್ಯಾಪ್‌ಟಾಪಿಗೆ ಚುಚ್ಚಿದೆ. ಅದೇ ಆದೇಶಕ್ಕೆ ಈ ಬಾರಿ `100 Mbps` ಎಂದು ಬಂತು. ರೂಟರ್ ನಡುವೆ ಇರಲೇ ಇಲ್ಲ. ಅಂದರೆ ತೊಂದರೆ ಗೋಡೆಯೊಳಗಿನ ತಂತಿಯದ್ದೇ.

ತಂತಿಯ ತುದಿಯ ಪಾರದರ್ಶಕ ಪ್ಲಾಸ್ಟಿಕ್ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಅದರಲ್ಲಿ ಎಂಟು ಎಳೆಗಳಿಗೆ ಜಾಗವಿದೆ. ತುಂಬಿದ್ದದ್ದು ನಾಲ್ಕು ಮಾತ್ರ: ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ನೀಲಿ ಮತ್ತು ಕಂದು ಜೋಡಿಗಳು ಕನೆಕ್ಟರಿನ ಹಿಂದೆಯೇ ಬೇರೆಯಾಗಿ, ಹಿಂದೊಮ್ಮೆ ಇದ್ದ ಲ್ಯಾಂಡ್‌ಲೈನ್ ಫೋನಿನ ಪೆಟ್ಟಿಗೆಯ ಕಡೆಗೆ ಹೋಗಿದ್ದವು. ಯಾರೋ ಒಂದೇ ತಂತಿಯಲ್ಲಿ ಎರಡು ಕೆಲಸ ತೆಗೆದಿದ್ದರು. 100ರ ವೇಗಕ್ಕೆ ಎರಡು ಜೋಡಿ ಸಾಕಾಗುತ್ತದೆ. ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು. ನಾಲ್ಕು ಇಲ್ಲದಿದ್ದರೆ ಬಹುಪಾಲು ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ, ಎಲ್ಲೂ ಎಚ್ಚರಿಕೆ ಕಾಣಿಸುವುದಿಲ್ಲ. ಫೋನ್ ಈಗ ಬಳಕೆಯಲ್ಲಿಲ್ಲ ಎಂದು ಮಾಸ್ತರರು ಹೇಳಿದ ಮೇಲೆ ಎರಡೂ ತುದಿಗಳಲ್ಲಿ ಎಂಟು ಎಳೆಗಳನ್ನೂ ಸೇರಿಸಿ ಹೊಸ ಕನೆಕ್ಟರ್ ಒತ್ತಿದೆ. ಉಪ್ಪರಿಗೆಯಲ್ಲಿ 196 ಬಂತು.

"ಹಾಗಾದರೆ ಈ ಆರು ತಿಂಗಳು ಹೆಚ್ಚಿನ ಹಣ ಕೊಟ್ಟದ್ದು?" ಎಂದು ಮಾಸ್ತರರು ಕೇಳಿದರು. "ಜಗಲಿಯವರೆಗೆ ಬಂದಿತ್ತು ಮಾಸ್ತರೇ, ಮೇಲೆ ಹತ್ತಲಿಲ್ಲ" ಎಂದೆ. ಅವರ ಬೇಸರ ನನಗೆ ಅರ್ಥವಾಯಿತು. ಪ್ಲ್ಯಾನ್ ಏರಿಸುವಾಗ ಮನೆಯೊಳಗಿನ ಜೋಡಣೆ ಅದನ್ನು ತಾಳುತ್ತದೆಯೇ ಎಂದು ಒಬ್ಬರಾದರೂ ನೋಡಿ ಹೇಳಬೇಕಿತ್ತು.

94ರ ಗುರುತಿಗೆ ತಂತಿಯೊಂದೇ ಕಾರಣವಲ್ಲ. ಹಳೆಯ ಅಥವಾ ಅಗ್ಗದ ರೂಟರುಗಳಲ್ಲಿ ತಂತಿ ಚುಚ್ಚುವ ಕಿಂಡಿಗಳೇ 100ರವು, ಅವುಗಳ ಪೆಟ್ಟಿಗೆಯ ಮೇಲೆ `10/100` ಎಂದಿರುತ್ತದೆ. ವೈಫೈ 300, 1200 ಎಂದು ದೊಡ್ಡದಾಗಿ ಬರೆದಿದ್ದರೂ ಹಿಂದಿನ ಕಿಂಡಿ 100ರದ್ದಾದರೆ ಇಡೀ ಮನೆಗೆ 94 ಮಾತ್ರ. ಟಿವಿಗಳ ಮಾತು ಬೇರೆ. ಎಷ್ಟೋ ಸ್ಮಾರ್ಟ್ ಟಿವಿಗಳ ತಂತಿ ಕಿಂಡಿ ಇಂದಿಗೂ 100ರದ್ದೇ, ಆದರೆ ಅಲ್ಲಿ ಅದರಿಂದ ತೊಂದರೆಯಿಲ್ಲ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಮೆಗಾಬಿಟ್ ಮಾತ್ರ.

ರೂಟರ್ ಹತ್ತಿರ ಪೂರ್ತಿ ಬರುತ್ತದೆ, ಒಳಕೋಣೆಯಲ್ಲಿ 35–40. ಇದಕ್ಕೆ ಏನು ಮಾಡಬೇಕು?

ಇದು ವೈಫೈಯ ಗುರುತು. ಇಲ್ಲಿ ಸಂಖ್ಯೆ 94ರ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆ ಸರಿದರೆ ಬದಲಾಗುತ್ತದೆ, ಬಾಗಿಲು ಹಾಕಿದರೆ ಬದಲಾಗುತ್ತದೆ.

ರೂಟರ್ ಎರಡು ಅಲೆಗಳಲ್ಲಿ ಮಾತನಾಡುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆಯನ್ನು ದಾಟುವುದರಲ್ಲಿ ಹಿಂದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. ನಮ್ಮ ಕಡೆಯ ಹಳೆಯ ಮನೆಗಳ ಮುರಕಲ್ಲಿನ ಗೋಡೆಗಳು ದಪ್ಪ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸೊರಗಿಹೋಗುತ್ತದೆ, ಫೋನ್ ತಾನಾಗಿ 2.4ಕ್ಕೆ ಜಾರುತ್ತದೆ. ನೀರು ಈ ಅಲೆಗಳನ್ನು ಹೀರುವುದರಿಂದ ಮಳೆಗಾಲದಲ್ಲಿ ತೇವ ಕುಡಿದ ಗೋಡೆ ಇನ್ನಷ್ಟು ತಡೆಯುತ್ತದೆ. ಹೊಸ ಮನೆಗಳಲ್ಲಿ ಗೋಡೆ ತೆಳುವಾದರೂ ಕಬ್ಬಿಣ ಹಾಕಿದ ಕಾಂಕ್ರೀಟ್ ಚಾವಣಿ ಅದೇ ಕೆಲಸವನ್ನು ಮಾಡುತ್ತದೆ.

ಲ್ಯಾಪ್‌ಟಾಪ್ ಯಾವ ಅಲೆಯಲ್ಲಿದೆ, ಎಷ್ಟಕ್ಕೆ ಒಪ್ಪಿಕೊಂಡಿದೆ ಎಂದು ನೋಡಲು ಆ ಕೋಣೆಯಲ್ಲೇ ಕುಳಿತು ಈ ಆದೇಶ ಕೊಡಿ. ಹೊಸ ವಿಂಡೋಸ್ ಇದಕ್ಕೆ ಸ್ಥಳದ ಅನುಮತಿ ಕೇಳಿದರೆ ಕೊಡಿ.

```
netsh wlan show interfaces
```

`Channel` ಎಂಬಲ್ಲಿ 1ರಿಂದ 13ರೊಳಗಿನ ಸಂಖ್ಯೆ ಇದ್ದರೆ ನೀವು 2.4ರಲ್ಲಿದ್ದೀರಿ. 36 ಮತ್ತು ಅದಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ 5ರಲ್ಲಿದ್ದೀರಿ. `Receive rate (Mbps)` ಎಂಬಲ್ಲಿ 72.2 ಅಥವಾ 144.4 ಎಂದು ಕಾಣಬಹುದು. ಇದನ್ನು ಇಂಟರ್ನೆಟ್ ವೇಗ ಎಂದುಕೊಳ್ಳಬೇಡಿ. ಇದು ಲ್ಯಾಪ್‌ಟಾಪ್ ಮತ್ತು ರೂಟರ್ ನಡುವಿನ ಒಪ್ಪಂದದ ವೇಗ. ವೈಫೈಯಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಮಾತನಾಡಬಹುದು, ಪ್ರತಿ ಮಾತಿಗೂ "ತಲುಪಿತು" ಎಂಬ ಮರುದನಿ ಬರಬೇಕು. ಈ ಕಾಯುವಿಕೆಯಲ್ಲೇ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ. 72.2 ಎಂದಿದ್ದರೆ ಸ್ಪೀಡ್ ಟೆಸ್ಟಿನಲ್ಲಿ 35ರಿಂದ 45 ಬಂದೀತು, ಅದಕ್ಕಿಂತ ಹೆಚ್ಚಿಗೆ ಆಸೆ ಪಡುವಂತಿಲ್ಲ. ಅಂಥ ಕೋಣೆಗಾಗಿ ಪ್ಲ್ಯಾನನ್ನು 300ಕ್ಕೆ ಏರಿಸಿದರೂ ಅಲ್ಲಿ ಸಿಗುವುದು ಅದೇ 40.

ಪರಿಹಾರಗಳಲ್ಲಿ ಖರ್ಚಿಲ್ಲದ್ದು ರೂಟರನ್ನು ಸರಿಸುವುದು. ಕಬ್ಬಿಣದ ಕಪಾಟಿನ ಮೇಲೆ, ಟಿವಿಯ ಹಿಂದೆ, ಜಗಲಿಯ ಮೂಲೆಯಲ್ಲಿ ಇಟ್ಟ ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ, ಬಾಗಿಲುಗಳಿಗೆ ಎದುರಾಗಿ ಇಡಿ. ಅಷ್ಟಕ್ಕೆ ಆಗದಿದ್ದರೆ ಒಳಗಿನವರೆಗೆ ಎಂಟೂ ಎಳೆಗಳಿರುವ ತಂತಿ ಎಳೆಸಿ, ಅದರ ತುದಿಯಲ್ಲಿ ಇನ್ನೊಂದು ವೈಫೈ ಸಾಧನ ಹಾಕಿಸುವುದು ನನ್ನ ಮಟ್ಟಿಗೆ ಸರಿಯಾದ ದಾರಿ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಅಗ್ಗದ ಎಕ್ಸ್‌ಟೆಂಡರುಗಳು ಒಂದೇ ಅಲೆಯಲ್ಲಿ ಕೇಳಿ ಅದೇ ಅಲೆಯಲ್ಲಿ ಮರಳಿ ಹೇಳುವುದರಿಂದ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಸಿಗ್ನಲ್ ಗೆರೆಗಳು ತುಂಬಿ ಕಾಣುತ್ತವೆ, ಟೆಸ್ಟಿನ ಸಂಖ್ಯೆ ಏರುವುದಿಲ್ಲ.

ಇನ್ನೊಂದು ಮಾತು. ತೋಟದ ನಡುವಿನ ಒಂಟಿ ಮನೆಯಲ್ಲಿ 2.4 ಗಿಗಾಹರ್ಟ್ಸ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆ, ಅಕ್ಕಪಕ್ಕದಲ್ಲಿ ಅದೇ ಅಲೆಗೆ ಪೈಪೋಟಿ ಇಲ್ಲ. ಕಾಸರಗೋಡು ಪೇಟೆಯ ಫ್ಲ್ಯಾಟ್‌ಗಳಲ್ಲಿ ಹಾಗಲ್ಲ. ಹತ್ತಾರು ರೂಟರುಗಳು ಒಂದೇ ಅಲೆಯನ್ನು ಹಂಚಿಕೊಳ್ಳಬೇಕು, ಆದ್ದರಿಂದ ಅಲ್ಲಿ ಸಾಧ್ಯವಾದಷ್ಟು 5ರಲ್ಲೇ ಇರಿ.

ಬೆಳಗ್ಗೆ ಚೆನ್ನಾಗಿರುತ್ತದೆ, ರಾತ್ರಿ ಎಂಟರ ಮೇಲೆ ಅರ್ಧಕ್ಕೆ ಇಳಿಯುತ್ತದೆ. ಇದೂ ನಮ್ಮ ಮನೆಯ ತೊಂದರೆಯೇ?

ಅಲ್ಲ. ತಂತಿಯಲ್ಲಿ ಜೋಡಿಸಿ ನೋಡಿದಾಗಲೂ ಹೀಗೇ ಆಗುತ್ತಿದ್ದರೆ, ಇಕ್ಕಟ್ಟು ಮನೆಯ ಹೊರಗಿದೆ.

ಮನೆಗೆ ಬರುವ ಫೈಬರ್ ನಿಮ್ಮೊಬ್ಬರದ್ದಲ್ಲ. ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಎಳೆಯನ್ನು ಕಂಬದ ಬಳಿಯ ಪೆಟ್ಟಿಗೆಗಳಲ್ಲಿ ಕವಲೊಡೆಸಿ 32 ಅಥವಾ 64 ಮನೆಗಳಿಗೆ ಕೊಡುತ್ತಾರೆ. ಅಷ್ಟೂ ಮನೆಗಳಿಗೆ ಸೇರಿ ಡೌನ್‌ಲೋಡಿಗೆ ಇರುವುದು ಸುಮಾರು 2,500 ಮೆಗಾಬಿಟ್. 32 ಮನೆಗಳೂ 100ರ ಪ್ಲ್ಯಾನ್ ಹೊಂದಿದ್ದರೆ ಮಾರಿದ್ದು 3,200. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಬಳಸುವುದು ಅಪರೂಪವಾದ್ದರಿಂದ ಇಷ್ಟು ಹಂಚಿಕೆಯಿಂದ ತೊಂದರೆಯಾಗುವುದು ಕಡಿಮೆ. ನಿಜವಾದ ಇಕ್ಕಟ್ಟು ಹೆಚ್ಚಾಗಿ ಅದರ ಮೇಲಿನ ಹಂತದಲ್ಲಿರುತ್ತದೆ. ಊರಿನ ಆಪರೇಟರ್ ದೊಡ್ಡ ಕಂಪನಿಯಿಂದ ಪಡೆದಿರುವ ಒಟ್ಟು ಸಾಮರ್ಥ್ಯ ಇಂತಿಷ್ಟೇ ಎಂದಿರುತ್ತದೆ. ಗಿರಾಕಿಗಳು ಹೆಚ್ಚುತ್ತ ಹೋಗಿ ಅದು ಹೆಚ್ಚದಿದ್ದರೆ, ಊಟ ಮುಗಿಸಿ ಎಲ್ಲರೂ ಟಿವಿ ಹಚ್ಚುವ ಹೊತ್ತಿಗೆ ಕೊರತೆ ಕಾಣಿಸುತ್ತದೆ.

ಇದನ್ನು ಸಾಬೀತು ಮಾಡುವುದು ಸುಲಭ. ಬೆಳಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ತಂತಿಯಲ್ಲಿ, ಒಂದೇ ಸರ್ವರಿಗೆ, ಒಂದು ವಾರ ಟೆಸ್ಟ್ ಮಾಡಿ ಬರೆದಿಡಿ. ಆ ಪಟ್ಟಿಯನ್ನು ಆಪರೇಟರಿಗೆ ತೋರಿಸಿದರೆ "ನಿಮ್ಮ ವೈಫೈ ಸರಿಯಿಲ್ಲ" ಎಂದು ಹೇಳಿ ಜಾರಿಕೊಳ್ಳಲು ಅವರಿಗೆ ಆಗುವುದಿಲ್ಲ.

ಮಳೆ ಬಂದಾಗ ಫೈಬರ್ ನಿಧಾನವಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಗಾಜಿನೊಳಗಿನ ಬೆಳಕಿಗೆ ಮಳೆ ತಾಗುವುದಿಲ್ಲ. ಕೊಂಬೆ ಬಿದ್ದು ತಂತಿ ಬಾಗಿದರೆ ಅಥವಾ ಜೋಡಣೆಯ ಪೆಟ್ಟಿಗೆಗೆ ನೀರು ನುಗ್ಗಿದರೆ ಬೆಳಕು ಕುಂದುತ್ತದೆ. ಆಗ ಹೆಚ್ಚಾಗಿ ಸಂಪರ್ಕವೇ ಕಡಿಯುತ್ತದೆ, ಪೆಟ್ಟಿಗೆಯಲ್ಲಿ `LOS` ಎಂಬ ಕೆಂಪು ದೀಪ ಹತ್ತುತ್ತದೆ.

ಮಂಗಳೂರು ಸರ್ವರ್ ಆರಿಸಬೇಕೇ, ಕೊಚ್ಚಿಯದೇ? ಎರಡೂ ಬೇರೆ ಬೇರೆ ಸಂಖ್ಯೆ ಕೊಡುತ್ತವೆ.

ಗಡಿಯಲ್ಲಿರುವ ನಮಗೆ ಈ ಪ್ರಶ್ನೆ ವಿಶೇಷವಾಗಿ ತಟ್ಟುತ್ತದೆ. ಕಾಸರಗೋಡಿನಿಂದ ಮಂಗಳೂರು ಐವತ್ತು ಕಿಲೋಮೀಟರ್, ಕೊಚ್ಚಿ ಅದರ ಆರೇಳು ಪಟ್ಟು ದೂರ. ಟೆಸ್ಟ್ ಮಾಡುವ ಆ್ಯಪ್ ಹತ್ತಿರದ್ದೆಂದು ಮಂಗಳೂರನ್ನೇ ಮುಂದಿಡಬಹುದು. ಆದರೆ ಭೂಪಟದ ಹತ್ತಿರ ಬೇರೆ, ನೆಟ್‌ವರ್ಕಿನ ಹತ್ತಿರ ಬೇರೆ. ನಿಮ್ಮ ಸಂಪರ್ಕ ಕೇರಳದ ಜಾಲಕ್ಕೆ ಸೇರಿದ್ದಾದರೆ, ಮಂಗಳೂರಿಗೆ ಹೊರಟ ಪ್ಯಾಕೆಟ್ ಮೊದಲು ತೆಂಕು ದಿಕ್ಕಿಗೆ ಹೋಗಿ, ಎಲ್ಲೋ ದೂರದ ನಗರದಲ್ಲಿ ಇನ್ನೊಂದು ಕಂಪನಿಯ ಜಾಲಕ್ಕೆ ದಾಟಿ, ಮತ್ತೆ ಬಡಗಿಗೆ ಬರಬೇಕಾಗಬಹುದು.

ಇದನ್ನು ಪಿಂಗ್ ತಿಳಿಸುತ್ತದೆ. ಪಿಂಗ್ ಎಂದರೆ ಒಂದು ಸಣ್ಣ ಸಂದೇಶ ಹೋಗಿ ಮರಳಲು ಹಿಡಿದ ಸಮಯ, ಮಿಲಿಸೆಕೆಂಡಿನಲ್ಲಿ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಮಂಗಳೂರಿಗೆ ಹೋಗಿ ಬರಲು ಬೆಳಕಿಗೆ ಬೇಕಾದದ್ದು ಅರ್ಧ ಮಿಲಿಸೆಕೆಂಡ್. ನಡುವಿನ ಯಂತ್ರಗಳ ಸಮಯ ಸೇರಿದರೂ ಐದಾರು ಸಾಕು. ಅಲ್ಲಿ 30 ಕಂಡರೆ ನಿಮ್ಮ ಪ್ಯಾಕೆಟ್ ಊರೂರು ಸುತ್ತಿ ಹೋಗುತ್ತಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಸರ್ವರುಗಳ ಪಟ್ಟಿಯಲ್ಲಿ ಮಂಗಳೂರು, ಕೊಚ್ಚಿ, ಬೆಂಗಳೂರು, ಚೆನ್ನೈ ಒಂದೊಂದಾಗಿ ಆರಿಸಿ, ಯಾವುದರ ಪಿಂಗ್ ಕಡಿಮೆಯೋ ಅದನ್ನೇ ಪ್ಲ್ಯಾನಿನ ವೇಗ ಪರೀಕ್ಷಿಸಲು ಬಳಸಿ. ಒಂದನ್ನು ಆರಿಸಿದ ಮೇಲೆ ಪ್ರತಿ ಸಲವೂ ಅದನ್ನೇ ಬಳಸಿ. ಸರ್ವರ್ ಬದಲಾದರೆ ನಿನ್ನೆಯ ಸಂಖ್ಯೆಯನ್ನೂ ಇಂದಿನದನ್ನೂ ಹೋಲಿಸಲು ಬರುವುದಿಲ್ಲ.

ಟೆಸ್ಟಿನಲ್ಲಿ ಪೂರ್ತಿ 100 ಬರುತ್ತದೆ, ಆದರೆ ಒಂದು ಜಾಲತಾಣದಿಂದ ಫೈಲ್ ಇಳಿಸುವಾಗ 2 ಮೆಗಾಬೈಟ್ ಮಾತ್ರ. ಏಕೆ?

ಸ್ಪೀಡ್ ಟೆಸ್ಟ್ ಒಂದೇ ಹೊತ್ತಿಗೆ ಹಲವು ಸಂಪರ್ಕಗಳನ್ನು ತೆರೆದು, ಹತ್ತಿರದ ಸರ್ವರಿನಿಂದ ಎಳೆಯುತ್ತದೆ. ನಿಮ್ಮ ಫೈಲ್ ಬರುವುದು ಒಂದೇ ಸಂಪರ್ಕದಲ್ಲಿ, ಬಹುಶಃ ಬೇರೆ ದೇಶದಿಂದ. ಕಳುಹಿಸುವ ಸರ್ವರ್ ಒಂದಿಷ್ಟು ತುಂಡುಗಳನ್ನು ಕಳುಹಿಸಿ, ತಲುಪಿದ ಸುದ್ದಿ ಮರಳಿ ಬಂದಂತೆ ಮುಂದಿನದನ್ನು ಬಿಡುತ್ತದೆ. ಸುದ್ದಿ ಮರಳಲು 5 ಮಿಲಿಸೆಕೆಂಡ್ ಸಾಕಾದರೆ ವೇಗ ಬೇಗ ಏರುತ್ತದೆ. 200 ಬೇಕಾದರೆ ಕಾಯುವುದೇ ಹೆಚ್ಚಾಗುತ್ತದೆ. ಇದಲ್ಲದೆ ಆ ಜಾಲತಾಣದವರೇ ಒಬ್ಬೊಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿರಲೂಬಹುದು.

ಸ್ಪೀಡ್‌ಟೆಸ್ಟ್‌ನಲ್ಲಿ `Connections` ಎಂಬಲ್ಲಿ `Multi` ಬದಲು `Single` ಒತ್ತಿ ಪರೀಕ್ಷಿಸಿದರೆ ಒಂದೇ ಸಂಪರ್ಕದ ವೇಗ ತಿಳಿಯುತ್ತದೆ. `fast.com` ಎಂಬುದು ನೆಟ್‌ಫ್ಲಿಕ್ಸ್ ಸರ್ವರುಗಳಿಂದ ಎಳೆದು ನೋಡುತ್ತದೆ. ಎರಡು ಟೆಸ್ಟ್‌ಗಳ ನಡುವೆ ಸಣ್ಣ ವ್ಯತ್ಯಾಸ ಸಹಜ. ಒಂದರಲ್ಲಿ 95, ಇನ್ನೊಂದರಲ್ಲಿ ಯಾವಾಗಲೂ 20 ಎಂದಾದರೆ, ಆ ಎರಡನೆಯ ಕಡೆಗೆ ಹೋಗುವ ದಾರಿಯಲ್ಲಿ ಇಕ್ಕಟ್ಟಿದೆ ಎಂದು ತಿಳಿಯಿರಿ.

ವಿಡಿಯೊ ಕರೆಯಲ್ಲಿ ಮಾತು ತುಂಡಾಗುತ್ತದೆ. ಡೌನ್‌ಲೋಡ್ 90 ಇದೆಯಲ್ಲ?

ಕರೆಗೆ ಡೌನ್‌ಲೋಡ್ ಮುಖ್ಯವೇ ಅಲ್ಲ. ಅಪ್‌ಲೋಡ್ ಮತ್ತು ಜಿಟ್ಟರ್ ನೋಡಿ. ಜಿಟ್ಟರ್ ಎಂದರೆ ಪಿಂಗ್ ಒಂದೇ ಸಮನೆ ಇರದೆ ಎಷ್ಟು ಏರಿಳಿಯುತ್ತದೆ ಎಂಬುದು. ಅದು 30 ದಾಟಿದರೆ ಮಾತು ಕತ್ತರಿಸುವುದು ಶುರುವಾಗುತ್ತದೆ. ಅಂಗಳದ ಸಿಸಿಟಿವಿ ಕ್ಯಾಮೆರಾಗಳು ಕ್ಲೌಡ್‌ಗೆ ವಿಡಿಯೊ ಕಳುಹಿಸುತ್ತಿದ್ದರೆ, ಫೋನುಗಳು ಫೋಟೊ ಬ್ಯಾಕಪ್ ಮಾಡುತ್ತಿದ್ದರೆ ಅಪ್‌ಲೋಡ್ ತುಂಬಿ ಹೀಗಾಗುತ್ತದೆ. ಅವನ್ನು ನಿಲ್ಲಿಸಿ ಮತ್ತೊಮ್ಮೆ ಕರೆ ಮಾಡಿ ನೋಡಿ.

ತಿಂಗಳ ಕೊನೆಗೆ ಇದ್ದಕ್ಕಿದ್ದಂತೆ 4ಕ್ಕೆ ಇಳಿದಿದೆ.

ಪ್ಲ್ಯಾನಿನ ತಿಂಗಳ ಡೇಟಾ ಮಿತಿ ಮುಗಿದಿರಬಹುದು. ಮಿತಿ ದಾಟಿದ ಮೇಲೆ ಕಂಪನಿಯವರು ವೇಗವನ್ನು ಒಂದು ಕೆಳಗಿನ ಸಂಖ್ಯೆಗೆ ಇಳಿಸುತ್ತಾರೆ. ಇದರ ಗುರುತು ಸ್ಪಷ್ಟ: ತಂತಿಯಲ್ಲಿ, ವೈಫೈಯಲ್ಲಿ, ಬೆಳಗ್ಗೆ, ರಾತ್ರಿ, ಎಲ್ಲ ಕಡೆಯೂ ಅದೇ ಚಪ್ಪಟೆ ಸಂಖ್ಯೆ. ಕಂಪನಿಯ ಆ್ಯಪ್‌ನಲ್ಲಿ ಈ ತಿಂಗಳ ಬಳಕೆ ಎಷ್ಟೆಂದು ನೋಡಿದರೆ ಗೊತ್ತಾಗುತ್ತದೆ.

ಮೊಬೈಲ್ ಡೇಟಾದಲ್ಲಿ ಟೆಸ್ಟ್ ಮಾಡಬಹುದೇ?

ಮಾಡಬಹುದು, ಆದರೆ ಟೆಸ್ಟ್ ನಿಮ್ಮ ಡೇಟಾವನ್ನೇ ಖರ್ಚು ಮಾಡುತ್ತದೆ. 5ಜಿಯಲ್ಲಿ 300 ಮೆಗಾಬಿಟ್ ವೇಗ ಬಂದು ಡೌನ್‌ಲೋಡ್ ಭಾಗ 15 ಸೆಕೆಂಡ್ ನಡೆದರೆ ಅದಕ್ಕೇ ಸುಮಾರು 560 ಮೆಗಾಬೈಟ್ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಇರುವ ಪ್ಲ್ಯಾನಿನಲ್ಲಿ ಮೂರು ಟೆಸ್ಟ್ ಮಾಡಿದರೆ ದಿನದ ಡೇಟಾ ಮುಗಿಯಿತು.

ತಲಪಾಡಿ, ಮಂಜೇಶ್ವರದ ಆಸುಪಾಸಿನಲ್ಲಿ ಫೋನ್ ಕೆಲವೊಮ್ಮೆ ಕೇರಳದ ಗೋಪುರವನ್ನು, ಕೆಲವೊಮ್ಮೆ ಕರ್ನಾಟಕದ್ದನ್ನು ಹಿಡಿಯುತ್ತದೆ. ಮನೆಯ ಒಂದು ಕಿಟಕಿಯಲ್ಲಿ 60, ಇನ್ನೊಂದರಲ್ಲಿ 8 ಬಂದರೆ ಫೋನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಗೋಪುರ ಬದಲಾಗಿದೆ.

ಎಲ್ಲ ನೋಡಿದೆವು, ತಂತಿಯಲ್ಲೂ 100ಕ್ಕೆ 30 ಮಾತ್ರ ಬರುತ್ತಿದೆ. ದೂರು ಹೇಗೆ ಕೊಡುವುದು?

ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಕೊಡಿ, ದೂರಿನ ಡಾಕೆಟ್ ಸಂಖ್ಯೆ ತಪ್ಪದೆ ಪಡೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆಯೊಂದಿಗೆ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಕಂಪನಿಗಳು ಈ ಎರಡು ಹಂತಗಳನ್ನು ಇಟ್ಟುಕೊಂಡಿರಬೇಕು. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ, ಆದ್ದರಿಂದ ಅಲ್ಲಿಗೆ ನೇರವಾಗಿ ಬರೆದು ಕಾಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

"ನೆಟ್ ತುಂಬಾ ನಿಧಾನ" ಎಂದು ಬರೆದರೆ ಮರುದಿನ ಯಾರೋ ಬಂದು ರೂಟರ್ ಆರಿಸಿ ಹೊತ್ತಿಸಿ ಹೋಗುತ್ತಾರೆ. ಹೀಗೆ ಬರೆಯಿರಿ:

"ನಮ್ಮದು 100 ಮೆಗಾಬಿಟ್ ಪ್ಲ್ಯಾನ್. ಲ್ಯಾಪ್‌ಟಾಪನ್ನು ಫೈಬರ್ ಪೆಟ್ಟಿಗೆಗೆ ನೇರವಾಗಿ ತಂತಿಯಲ್ಲಿ ಜೋಡಿಸಿ, ಉಳಿದ ಸಾಧನಗಳನ್ನೆಲ್ಲ ತೆಗೆದು ಪರೀಕ್ಷಿಸಿದ್ದೇವೆ. ತಂತಿಯ ಜೋಡಣೆಯ ವೇಗ 1 ಗಿಗಾಬಿಟ್ ಎಂದು ತೋರಿಸುತ್ತದೆ. ಕೊಚ್ಚಿಯ ಒಂದೇ ಸರ್ವರಿಗೆ ಏಳು ದಿನ ಬೆಳಗ್ಗೆ 6ಕ್ಕೆ 92ರಿಂದ 95, ರಾತ್ರಿ 9ಕ್ಕೆ 28ರಿಂದ 34 ಬಂದಿದೆ. ತಿಂಗಳ ಡೇಟಾ ಮಿತಿ ಮುಗಿದಿಲ್ಲ. ದಿನಾಂಕ, ಸಮಯಗಳಿರುವ ಚಿತ್ರಗಳನ್ನು ಲಗತ್ತಿಸಿದ್ದೇವೆ."

ಈ ದೂರನ್ನು ಓದಿದ ತಾಂತ್ರಿಕ ಸಿಬ್ಬಂದಿಗೆ ಮನೆಯೊಳಗೆ ನೋಡಲು ಏನೂ ಉಳಿದಿಲ್ಲ ಎಂಬುದು ಮೊದಲ ಎರಡು ಸಾಲುಗಳಲ್ಲೇ ತಿಳಿಯುತ್ತದೆ. ಅವರು ತಮ್ಮ ಕಡೆಯ ಸಾಮರ್ಥ್ಯವನ್ನೇ ನೋಡಬೇಕಾಗುತ್ತದೆ.